ಮೊದಲ ಐಸ್ ಬ್ರೇಕರ್ ಭಾಷಣ: ಮೂರು ಕಥೆ, ಎಂಟು ನಿಮಿಷ ಇಪ್ಪತ್ತು ಸೆಕೆಂಡ್. ಯಾವುದನ್ನ ಬಿಡ್ಲಿ?

ಕೊಪ್ಪದ_ಹುಡುಗಿ

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಭಾಷಣ ಅಭ್ಯಾಸ ಮಾಡೋ ಒಂದು ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಸೇರಿ ಎರಡು ತಿಂಗಳಾಯ್ತು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಮಾತಾಡಬಹುದಾದ ಕ್ಲಬ್. ಇಷ್ಟು ದಿನ ಟೈಮರ್ ಕೆಲಸ ಮಾಡ್ಕೊಂಡು, ಬೇರೆಯವರಿಗೆ ಹಸಿರು ಹಳದಿ ಕೆಂಪು ಕಾರ್ಡ್ ತೋರಿಸ್ಕೊಂಡು ಆರಾಮಾಗಿದ್ದೆ. ಇನ್ನು ಹನ್ನೊಂದು ದಿನಕ್ಕೆ ನನ್ನ ಸರದಿ. ಕನ್ನಡದಲ್ಲೇ ಮಾಡ್ತೀನಿ ಅಂತ ಹೇಳಿದ್ದೀನಿ.

ಮೂರು ಸಣ್ಣ ಕಥೆಗಳ ಮೂಲಕ ನನ್ನ ಪರಿಚಯ ಹೇಳೋಣ ಅಂತ ಬರೆದೆ. ನಾಲ್ಕರಿಂದ ಆರು ನಿಮಿಷದಲ್ಲಿ ಮುಗೀಬೇಕು. ನಿನ್ನೆ ರಾತ್ರಿ ಅಡುಗೆಮನೆ ಬಾಗಿಲು ಹಾಕ್ಕೊಂಡು ಫೋನಲ್ಲಿ ರೆಕಾರ್ಡ್ ಮಾಡಿ ನೋಡಿದ್ರೆ 8:20 ಬಂತು. ವಿವರ ಹೀಗಿದೆ:

ಪೀಠಿಕೆ (ಹೆಸರು, ಊರು, ಓದು, ಮನೆಯವರು, ಕ್ಲಬ್‌ಗೆ ಥ್ಯಾಂಕ್ಸ್): 1:10
ಅಜ್ಜಿಗೆ ಕಾಗದ ಓದಿದ್ದು: 3:05
ಲ್ಯಾಬಿನಲ್ಲಿ ರಕ್ತ ತೆಗೆದಿದ್ದು (ನಾನು ಲ್ಯಾಬ್ ಟೆಕ್ನಿಶಿಯನ್): 1:35
ಮೂವತ್ತೊಂದನೇ ವಯಸ್ಸಲ್ಲಿ ಸ್ಕೂಟರ್ ಕಲಿತಿದ್ದು: 1:50
ಕೊನೆ: 0:40

ಇಂಟರ್ನೆಟ್‌ನಲ್ಲಿ ಆರು ನಿಮಿಷಕ್ಕೆ 750 ಪದ ಅಂತ ಇತ್ತು. ನಾನು ಬರೆದಿದ್ದು 730 ಮಾತ್ರ. ಆದ್ರೂ ಯಾಕೆ ಹೀಗೆ? ಒಂದು ಕಥೆ ಬಿಡೋದಾದ್ರೆ ಯಾವುದು ಬಿಡ್ಲಿ? ಅಜ್ಜಿದು ಬಿಡೋಕೆ ಮನಸ್ಸಿಲ್ಲ.

ಎಚ್ಆರ್_ಮಂಜು

ಮೇಡಂ, ಐಸ್ ಬ್ರೇಕರ್‌ಗೆ ಭಾಷಣ ಬರೆಯೋದು ತುಂಬಾ ಭಾರ ಆಗುತ್ತೆ. ನಮ್ಮ ಆಫೀಸಲ್ಲಿ ಹೊಸಬರು ಬಂದಾಗ "ಎರಡು ನಿಜ ಒಂದು ಸುಳ್ಳು" ಆಡಿಸ್ತೀವಿ. ಪ್ರತಿಯೊಬ್ಬರೂ ತಮ್ಮ ಬಗ್ಗೆ ಮೂರು ಮಾತು ಹೇಳ್ಬೇಕು, ಅದರಲ್ಲಿ ಒಂದು ಸುಳ್ಳು, ಉಳಿದವರು ಕಂಡುಹಿಡೀಬೇಕು. ಹದಿನೈದು ಜನ ಇದ್ರೆ ಅರ್ಧ ಗಂಟೆ ಸಲೀಸಾಗಿ ಹೋಗುತ್ತೆ. ಪೇಪರ್ ಕಪ್ ಆಟಾನೂ ಚೆನ್ನಾಗಿರುತ್ತೆ, ಬೇಕಿದ್ರೆ ಹೇಳ್ತೀನಿ.

ಕಾಫಿಪುಡಿ

ಮಂಜು ಅವ್ರೇ, ಅವ್ರು ಕೇಳ್ತಿರೋದು ಪಾರ್ಟಿ ಆಟ ಅಲ್ಲ. ಟೋಸ್ಟ್‌ಮಾಸ್ಟರ್ಸ್‌ನಲ್ಲಿ ಸದಸ್ಯರ ಮೊದಲ ಭಾಷಣದ ಹೆಸರೇ ಐಸ್ ಬ್ರೇಕರ್. ಕಪ್ ಎತ್ತಿಡಿ.

ಫುಲ್‌ಸ್ಟಾಪ್

ನಾನು ಎರಡು ವರ್ಷ ಸ್ಪರ್ಧೆಗಳಲ್ಲಿ ಮಾತಾಡಿದ್ದೀನಿ, ಅನುಭವದಿಂದ ಹೇಳ್ತೀನಿ. ಪೂರ್ತಿ ಬಾಯಿಪಾಠ ಮಾಡಿ, ಕೈಯಲ್ಲಿ ಚೀಟಿ ಇರಕೂಡದು. ಸಮಯ ಮೀರಿದ್ರೆ ಡಿಸ್‌ಕ್ವಾಲಿಫೈ, ಪ್ರಾಜೆಕ್ಟ್ ಮತ್ತೆ ಮಾಡ್ಬೇಕಾಗುತ್ತೆ. ಶುರುವಲ್ಲೇ "ಇವತ್ತು ನಿಮಗೆ ನನ್ನ ಜೀವನದ ಮೂರು ಕಥೆ ಹೇಳ್ತೀನಿ" ಅಂತ ಸ್ಪಷ್ಟವಾಗಿ ಹೇಳಿ. ಸ್ಟೀವ್ ಜಾಬ್ಸ್ 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ್ದೂ ಅದೇ. ಮೂರು ಕಥೆಗೂ ಸಮಾನ ಸಮಯ ಕೊಡಿ, ಹುಟ್ಟಿದ್ದರಿಂದ ಇವತ್ತಿನವರೆಗೆ ಕ್ರಮವಾಗಿ ಬರಲಿ.

ಹಳೇಮೈಕು

ಫುಲ್‌ಸ್ಟಾಪ್ ಅವರೇ, ಸ್ಪರ್ಧೆ ನಿಯಮವನ್ನ ಕ್ಲಬ್ ಮೀಟಿಂಗಿಗೆ ತಂದು ಅಂಟಿಸಿದ್ದೀರಿ. ಸ್ಪರ್ಧೆಯಲ್ಲಿ ಸಮಯ ಮೀರಿದ್ರೆ ಹೊರಗೆ, ಅದು ನಿಜ. ಕ್ಲಬ್‌ನಲ್ಲಿ ಐಸ್ ಬ್ರೇಕರ್‌ಗೆ ನಾಲ್ಕು ನಿಮಿಷಕ್ಕೆ ಹಸಿರು, ಐದಕ್ಕೆ ಹಳದಿ, ಆರಕ್ಕೆ ಕೆಂಪು. ಆಮೇಲೂ ಮೂವತ್ತು ಸೆಕೆಂಡ್ ರಿಯಾಯಿತಿ ಇರುತ್ತೆ. 6:30 ದಾಟಿದ್ರೆ ಅಥವಾ 3:30ಕ್ಕಿಂತ ಮೊದಲೇ ಮುಗಿಸಿದ್ರೆ ಆ ದಿನದ "ಬೆಸ್ಟ್ ಸ್ಪೀಕರ್" ಮತಕ್ಕೆ ನಿಮ್ಮ ಹೆಸರು ಸೇರಲ್ಲ, ಅಷ್ಟೇ. ಭಾಷಣ ಮಾಡಿದ ಲೆಕ್ಕಕ್ಕೆ ಏನೂ ಆಗಲ್ಲ. ಚೀಟಿ ಇಟ್ಕೊಂಡ್ರೂ ಯಾರೂ ಬೈಯಲ್ಲ. ಹನ್ನೊಂದು ವರ್ಷದಲ್ಲಿ ಚೀಟಿ ನೋಡಿ ಕೆಟ್ಟ ಐಸ್ ಬ್ರೇಕರ್‌ಗಿಂತ ಬಾಯಿಪಾಠ ಮಾಡಿ ಕೆಟ್ಟದ್ದನ್ನೇ ಜಾಸ್ತಿ ನೋಡಿದ್ದೀನಿ. ಬಾಯಿಪಾಠದವರಿಗೆ ಒಂದು ಸಾಲು ಜಾರಿದ್ರೆ ಮುಂದಿನದು ಸಿಗಲ್ಲ, ಕಣ್ಣು ಸೀಲಿಂಗ್ ಫ್ಯಾನಿಗೆ ಹೋಗುತ್ತೆ. ಮೊದಲ ಎರಡು ಸಾಲು, ಪ್ರತಿ ಕಥೆಯ ಕೊನೇ ಸಾಲು ಬಾಯಿಗೆ ಬಂದಿದ್ರೆ ಸಾಕು.

ಜಾಬ್ಸ್ ವಿಷಯ: ಅವರು ಮಾತಾಡಿದ್ದು ಹೆಚ್ಚುಕಡಿಮೆ ಹದಿನೈದು ನಿಮಿಷ, ಕೇಳುವವರಿಗೆ ಅವರು ಯಾರು ಅಂತ ಮೊದಲೇ ಗೊತ್ತಿತ್ತು. ಆರು ನಿಮಿಷದಲ್ಲಿ "ಮೂರು ಕಥೆ" ಅಂತ ಘೋಷಣೆ ಮಾಡಿದ್ರೆ ಜನ ಎರಡನೇ ಕಥೆಯಿಂದಲೇ ಎಣಿಸೋಕೆ ಶುರು ಮಾಡ್ತಾರೆ.

ಕೊಪ್ಪದವರೇ, ಪದಗಳ ಲೆಕ್ಕಕ್ಕೆ ಬರ್ತೀನಿ. 750 ಅನ್ನೋದು ಇಂಗ್ಲಿಷಿನ ಲೆಕ್ಕ. ಅಲ್ಲಿ "ಫ್ರಮ್ ಮೈ ಗ್ರಾಂಡ್‌ಮದರ್ಸ್ ಹೌಸ್" ಅಂದ್ರೆ ನಾಲ್ಕು ಪದ, ನಮ್ಮಲ್ಲಿ "ಅಜ್ಜಿಮನೆಯಿಂದ" ಒಂದೇ. ವಿಭಕ್ತಿ, ಪ್ರತ್ಯಯ ಎಲ್ಲ ಪದದ ಬಾಲಕ್ಕೇ ಅಂಟಿಕೊಳ್ಳೋದ್ರಿಂದ ನಮ್ಮ ಒಂದೊಂದು ಪದವೂ ಉದ್ದ. ನೀವು 730 ಪದ 8:20ರಲ್ಲಿ ಹೇಳಿದ್ದೀರಿ, ನಿಮಿಷಕ್ಕೆ 88ರಷ್ಟು. ಅದು ಸರಿಯಾದ ವೇಗವೇ, ಇನ್ನೂ ಜೋರಾಗಿ ಓಡಿಸೋಕೆ ಹೋಗ್ಬೇಡಿ. ನಿಮ್ಮ ವೇಗಕ್ಕೆ 470 ಪದ ಬರೆದ್ರೆ 5:20 ಆಗುತ್ತೆ. ಉಳಿದ ನಲವತ್ತು ಸೆಕೆಂಡು ಜನರ ನಗುವಿಗೆ ಮತ್ತೆ ನೀವು ನೀರು ಕುಡಿಯೋಕೆ.

ಕಥೆ ಬಿಡೋ ಮುಂಚೆ ಮೂರನ್ನೂ ಸ್ವಲ್ಪ ವಿವರವಾಗಿ ಇಲ್ಲಿ ಹಾಕಿ.

ಕೊಪ್ಪದ_ಹುಡುಗಿ

ಸರ್, ತುಂಬಾ ಥ್ಯಾಂಕ್ಸ್. ಪದದ ವಿಷಯ ಹೊಳೆದೇ ಇರಲಿಲ್ಲ.

ಅಜ್ಜಿ: ನಾನು ನಾಲ್ಕನೇ ಕ್ಲಾಸು. ಅಜ್ಜಿಗೆ ಓದೋಕೆ ಬರ್ತಿರಲಿಲ್ಲ. ಚಿಕ್ಕಪ್ಪ ಬೊಂಬಾಯಲ್ಲಿ ಹೋಟೆಲ್ ಕೆಲಸದಲ್ಲಿದ್ರು, ಇನ್‌ಲ್ಯಾಂಡ್ ಲೆಟರ್ ಬರ್ತಿತ್ತು, ಓದೋ ಕೆಲಸ ನಂದು. ಒಂದ್ಸಲ "ಈ ವರ್ಷ ದೀಪಾವಳಿಗೆ ರಜೆ ಸಿಗಲ್ಲ, ಬರೋಕಾಗಲ್ಲ" ಅಂತ ಬರೆದಿದ್ರು. ನಾನು ಆ ಸಾಲು ಹಾರಿಸಿಬಿಟ್ಟೆ. ಅಜ್ಜಿ ಅವನಿಗೆ ಅಂತ ಸೌತೆಕಾಯಿ ಕಡುಬು ಮಾಡಿಟ್ಟು ಮೂರು ಬಸ್ ಬರೋವರೆಗೂ ಕಾದ್ರು. ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಕಾಗದ ಬಂದಾಗ ನನ್ನ ಕೈಗೆ ಕೊಟ್ಟು "ಈ ಸಲ ಪೂರ್ತಿ ಓದು ಮಗಾ" ಅಂದ್ರು.

ಲ್ಯಾಬ್: ಕೆಲಸಕ್ಕೆ ಸೇರಿದ ಹೊಸತು. ಒಬ್ಬ ತಾತ, ರಿಟೈರ್ಡ್ ಬಸ್ ಕಂಡಕ್ಟರ್. ರಟ್ಟೆಗೆ ಪಟ್ಟಿ ಕಟ್ಟಿ, ಎಲ್ಲರಿಗೂ ಹೇಳೋ ಹಾಗೆ "ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ" ಅಂದೆ. ಮೊದಲ ಸಲ ನರ ಜಾರಿತು. ಎರಡನೇ ಸಲವೂ ಸಿಗಲಿಲ್ಲ. ಎರಡು ಸಲ ಆದ್ಮೇಲೆ ಸೀನಿಯರ್‌ನ ಕರೀಬೇಕು, ಕರೆಯೋಕೆ ಎದ್ದೆ. ಅವರು "ನಿಮ್ಮೂರ ಇರುವೆ ಭಾಳ ದೊಡ್ಡದು ಕಣಮ್ಮ" ಅಂದ್ರು. ಆಮೇಲೆ, "ನಾನೂ ಮೂವತ್ತು ವರ್ಷ ‘ಒಳಗೆ ಹೋಗಿ, ಜಾಗ ಇದೆ’ ಅಂದವನೇ. ಈ ಥರ ಮಾತು ನಂಗೆ ಗೊತ್ತಾಗುತ್ತೆ" ಅಂದ್ರು.

ಸ್ಕೂಟರ್: ಕಲಿತ ಎರಡನೇ ವಾರ ಬೋಗಾದಿ ರಸ್ತೆ ಹತ್ತಿರ ಒಂದು ತಿರುವಿನಲ್ಲಿ ಬಿದ್ದೆ. ಬ್ರೇಕ್ ಬದಲು ಆಕ್ಸಿಲರೇಟರ್ ತಿರುಗಿಸಿದ್ದೆ. ಮನೆಯವರಿಗೆ "ನಾಯಿ ಅಡ್ಡ ಬಂತು" ಅಂದೆ. ನಾಯಿ ಇರಲೇ ಇಲ್ಲ.

ಹಳೇಮೈಕು

ಯಾವುದನ್ನೂ ಬಿಡಬೇಡಿ. ಪೀಠಿಕೆ ಬಿಡಿ.

ಮಂಜು ಅವರು ದಾರಿ ತಪ್ಪಿ ಬಂದ್ರೂ ಒಳ್ಳೆ ಮಾತು ಹೇಳಿ ಹೋಗಿದ್ದಾರೆ. ಅವರದು ಎರಡು ನಿಜ ಒಂದು ಸುಳ್ಳು. ನಿಮ್ಮ ಮೂರೂ ಕಥೇಲಿ ಸುಳ್ಳೇ ಇದೆ! ಅಜ್ಜಿಗೆ ಒಂದು ಸಾಲು ಮುಚ್ಚಿಟ್ರಿ, ತಾತನಿಗೆ ಇರುವೆ ಅಂದ್ರಿ, ಗಂಡನಿಗೆ ನಾಯಿ ಅಂದ್ರಿ. ನೀವು ಇದನ್ನ ಬಾಲ್ಯ, ಉದ್ಯೋಗ, ಸಂಸಾರ ಅಂತ ಮೂರು ಡಬ್ಬಿ ಮಾಡಿ ಬರೆದಿದ್ದೀರಿ, ಅದಕ್ಕೇ ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಸೇತುವೆ ಸಾಲುಗಳು ಬೇಕಾಗಿವೆ. "ನಾನು ಹೇಳಿದ ಮೂರು ಸಣ್ಣ ಸುಳ್ಳು" ಅನ್ನೋ ದಾರದಲ್ಲಿ ಪೋಣಿಸಿದ್ರೆ ಸೇತುವೆ ಬೇಡ. ಊರು, ಕೆಲಸ, ಮನೆ ಎಲ್ಲ ಕಥೆಯೊಳಗೇ ಬಂದುಬಿಡುತ್ತೆ. ನಿಮ್ಮ ಓದು, ಹುದ್ದೆ ಹೇಗಿದ್ದರೂ ಆ ದಿನದ ನಿರೂಪಕರು ನಿಮ್ಮನ್ನ ಕರೆಯುವಾಗ ಹೇಳ್ತಾರೆ. ಅದನ್ನೇ ನೀವು ಇನ್ನೊಮ್ಮೆ ಹೇಳಿದ್ರೆ ಬಯೋಡೇಟಾ.

ಕ್ರಮದ ಬಗ್ಗೆ ಫುಲ್‌ಸ್ಟಾಪ್ ಮಾತು ಒಪ್ಪಲ್ಲ. ಲ್ಯಾಬ್ ಮೊದಲು ಬರಲಿ, ಬೇಗ ನಗು ಬರುತ್ತೆ, ನಿಮ್ಮ ಕೈ ನಡುಗೋದು ನಿಲ್ಲುತ್ತೆ. ಸ್ಕೂಟರ್ ನಡುವೆ. ಅಜ್ಜಿ ಕೊನೆಗೆ. ಮೂರರಲ್ಲಿ ಯಾರಿಗೋ ನೋವಾದ ಸುಳ್ಳು ಅದೊಂದೇ, ಅದನ್ನ ಮೊದಲೇ ಹೇಳಿದ್ರೆ ಮುಂದಿನ ಎರಡು ಚಿಲ್ಲರೆ ಅನ್ನಿಸುತ್ತೆ.

ಅಜ್ಜಿ ಕಥೆಗೆ ಮೂರು ನಿಮಿಷ ಯಾಕೆ ಹಿಡೀತು, ಮೊದಲ ನಾಲ್ಕೈದು ಸಾಲು ಹಾಕಿ ನೋಡೋಣ.

ಕೊಪ್ಪದ_ಹುಡುಗಿ

ಸುಳ್ಳಿನ ವಿಷಯ ಓದಿ ಒಂದು ನಿಮಿಷ ಸುಮ್ಮನೆ ಕೂತೆ. ನನಗೇ ಗೊತ್ತಿರಲಿಲ್ಲ. ಅಜ್ಜಿ ಕಥೆ ಶುರುವಾಗೋದು ಹೀಗೆ:

"ನಾನು ಹುಟ್ಟಿ ಬೆಳೆದದ್ದು ಕೊಪ್ಪದ ಹತ್ತಿರ ಒಂದು ಪುಟ್ಟ ಹಳ್ಳಿಯಲ್ಲಿ. ನಮ್ಮದು ಕೂಡು ಕುಟುಂಬ. ಮನೆಯಲ್ಲಿ ಹದಿನಾಲ್ಕು ಜನ. ನನ್ನ ಅಜ್ಜಿ ಶಾಲೆಗೆ ಹೋದವರಲ್ಲ, ಆದರೆ ಅಪಾರ ಜೀವನಾನುಭವ ಇದ್ದವರು. ಆ ಕಾಲದಲ್ಲಿ ಈಗಿನಂತೆ ಮೊಬೈಲ್ ಇರಲಿಲ್ಲ. ಪತ್ರಗಳೇ ಸಂಪರ್ಕದ ಏಕೈಕ ಸಾಧನವಾಗಿದ್ದವು."

ಹಳೇಮೈಕು

ನೋಡಿ, ಆರು ಸಾಲಾಯ್ತು, ಕಾಗದ ಇನ್ನೂ ಬಂದಿಲ್ಲ. "ಸಂಪರ್ಕದ ಏಕೈಕ ಸಾಧನ" ಅಂತ ನೀವು ಮನೇಲಿ ಯಾವತ್ತಾದ್ರೂ ಮಾತಾಡಿದ್ದೀರಾ? ಬರೆಯೋಕೆ ಕೂತ ತಕ್ಷಣ ನಾವೆಲ್ಲ ಏಳನೇ ಕ್ಲಾಸಿನ ಪ್ರಬಂಧಕ್ಕೆ ಹೋಗಿಬಿಡ್ತೀವಿ. ಗುರುತು ಹಿಡಿಯೋದು ಸುಲಭ: ರೆಕಾರ್ಡ್ ಮಾಡಿದ್ದನ್ನ ಕೇಳುವಾಗ ನಿಮ್ಮ ದನಿ ಎಲ್ಲಿ ಸಪ್ಪೆಯಾಗುತ್ತೋ ಅಲ್ಲಿ ನೀವು ಮಾತಾಡ್ತಿಲ್ಲ, ಓದ್ತಿದ್ದೀರಿ ಅಂತ. ಹೀಗೆ ಶುರು ಮಾಡಿ ನೋಡಿ, ಮಾತು ನಿಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಿ:

"ನಾಲ್ಕನೇ ಕ್ಲಾಸು. ಕೊಪ್ಪದ ನಮ್ಮನೆ ಜಗಲಿ. ಅಜ್ಜಿ ಅಡಿಕೆ ಸುಲೀತಾ ಕೂತಿದ್ದಾರೆ. ನನ್ನ ಕೈಯಲ್ಲಿ ಚಿಕ್ಕಪ್ಪನ ಇನ್‌ಲ್ಯಾಂಡ್ ಲೆಟರ್. ಅಜ್ಜಿಗೆ ಓದೋಕೆ ಬರಲ್ಲ, ನಾನು ಓದಿದ್ದೇ ಕಾಗದ."

ಹದಿನಾಲ್ಕು ಜನ, ಕೂಡು ಕುಟುಂಬ ಹೋಯ್ತು. ಯಾರಿಗೂ ನಷ್ಟವಿಲ್ಲ. ಇಡೀ ಕಥೆಗೆ ಒಂದೇ ಜಾಗ, ಒಂದೇ ಗಳಿಗೆ, ಕೊನೆಗೆ ಯಾರೋ ಆಡಿದ ಒಂದು ಮಾತು. ನಿಮ್ಮ ಅದೃಷ್ಟಕ್ಕೆ ಅಜ್ಜಿಯೂ ತಾತನೂ ಆ ಮಾತು ಆಡಿಯೇ ಹೋಗಿದ್ದಾರೆ. ಸ್ಕೂಟರ್ ಕಥೆಗೆ ಮಾತ್ರ ಅಂಥ ಮಾತಿಲ್ಲ, ಅದು ಸ್ವಲ್ಪ ಬಡವಾಗಿದೆ.

ದೋಹಾ_ಧಾರವಾಡ

ಅಕ್ಕಾರ, ನಡಬರಕ ಬಾಯಿ ಹಾಕ್ತೀನಿ. ಹಳೇಮೈಕು ಅವರು ಹೇಳಿದ್ದು ಖರೆ, ಆದ್ರ ಅಜ್ಜಿದು ಕೊನೀಗೆ ಇಡೂಮುಂದ ಒಂದ್ ಸಲ ವಿಚಾರ ಮಾಡ್ರಿ. ನಾ ಇಲ್ಲೆ ದೋಹಾದಾಗ ಐಸ್ ಬ್ರೇಕರ್ ಮಾಡಿದಾಗ ಅಪ್ಪನ ಸುದ್ದಿ ತಗದೆ. ಅಪ್ಪ ತೀರಿಕೊಂಡು ಆಗ ಐದು ತಿಂಗಳಾಗಿತ್ತು. ಮನ್ಯಾಗ ಹತ್ತ ಸಲ ಹೇಳಿ ನೋಡಿದ್ದೆ, ಏನೂ ಆಗಿರಲಿಲ್ಲ. ಅಲ್ಲೆ ನಿಂತು "ನಮ್ಮಪ್ಪನ ಸೈಕಲ್" ಅಂದೆ ನೋಡ್ರಿ, ಗಂಟಲಾ ಕಟ್ಟಿಬಿಡ್ತು. ಮುಂದ ಒಂದ್ ಶಬ್ದ ಬರಲಿಲ್ಲ. 2:50ಕ್ಕ ಥ್ಯಾಂಕ್ಯೂ ಅಂದು ಕುಂತೆ. ಮಂದಿ ಎಲ್ಲಾ ಎದ್ದು ಚಪ್ಪಾಳಿ ಹೊಡದ್ರು, ಅದು ಇನ್ನೂ ಕೆಟ್ಟ ಅನಿಸ್ತು. ಮತ ಹಾಕೂ ಪಟ್ಟಿಯೊಳಗ ಹೆಸರಿರಲಿಲ್ಲ, ಅದರದೇನಿಲ್ಲ ಬಿಡ್ರಿ. ನಿಮ್ಮ ಅಜ್ಜಿ ಇದ್ದಾರೇನ್ರಿ?

ಕೊಪ್ಪದ_ಹುಡುಗಿ

ಇಲ್ಲ ಅಣ್ಣ. ಹೋಗಿ ಹದಿನೆಂಟು ವರ್ಷ ಆಯ್ತು. ಹೇಳುವಾಗ ಅಳು ಬರಲ್ಲ, ಆದ್ರೆ "ಪೂರ್ತಿ ಓದು ಮಗಾ" ಅನ್ನೋವಾಗ ದನಿ ಸಣ್ಣಗಾಗುತ್ತೆ.

ಹಳೇಮೈಕು

ಸಣ್ಣಗಾಗಲಿ ಬಿಡಿ, ಮೈಕ್ ಇರುತ್ತೆ. ದೋಹಾ ಅವರೇ, ನಿಮ್ಮ ಅನುಭವ ನಿಜವಾದದ್ದು. ನಾನು ಹೊಸಬರಿಗೆ ಹೇಳೋದು, ಹಸಿ ಗಾಯ ಬೇಡ ಅಂತ. ಆದ್ರೆ ಎಷ್ಟು ವರ್ಷ ಆದ್ರೆ ಹಸಿಯಲ್ಲ ಅನ್ನೋಕೆ ನನ್ನ ಹತ್ರ ಅಳತೆ ಇಲ್ಲ. ಹತ್ತು ಸಲ ಒಬ್ಬರೇ ಹೇಳಿಕೊಂಡ್ರೆ ಅದು ಪರೀಕ್ಷೆ ಅಲ್ಲ. ಒಬ್ಬ ಮನುಷ್ಯನ ಮುಖ ನೋಡ್ಕೊಂಡು ಒಮ್ಮೆ ಹೇಳಿ ನೋಡಬೇಕು.

ದೋಹಾ_ಧಾರವಾಡ

ಅದು ಖರೆ. ನಾ ಕನ್ನಡಿ ನೋಡಿ ಹೇಳಿದ್ದೆ.

ಫುಲ್‌ಸ್ಟಾಪ್

ಸ್ಪರ್ಧೆ ನಿಯಮ ಬೆರೆಸಿದ್ದು ನನ್ನ ತಪ್ಪು, ಒಪ್ಪಿದೆ. ಆದ್ರೆ ಇದನ್ನ ಒಪ್ಪಲ್ಲ: ಹೆಸರು, ಊರು ಏನೂ ಹೇಳದೆ ಇರುವೆಯಿಂದ ಶುರು ಮಾಡಿದ್ರೆ ಅದು ಪರಿಚಯ ಭಾಷಣ ಹೇಗಾಗುತ್ತೆ? ಮೂರು ಸುಳ್ಳು ಕೇಳಿದ ಹೊಸ ಅತಿಥಿಗೆ "ಈಯಮ್ಮ ಸುಳ್ಳಿ" ಅಂತ ಮಾತ್ರ ಗೊತ್ತಾಗುತ್ತೆ.

ಕಾಫಿಪುಡಿ

ನಮ್ಮ ಕ್ಲಬ್‌ನಲ್ಲಿ ಒಬ್ಬರು ಹೆಸರು, ಊರು, ಗೋತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸು ಸಮೇತ ಹೇಳಿದ್ರು. ಈಗ ನೆನಪಿರೋದು ಮಾರ್ಕ್ಸ್ ಒಂದೇ.

ಹಳೇಮೈಕು

ಇನ್ನೊಂದು ಮಾತು ಹೇಳಿ ಸುಮ್ಮನಾಗ್ತೀನಿ. ಹಳದಿ ಕಾರ್ಡ್ ಕಂಡಾಗ ಏನು ಬಿಡ್ತೀರಿ ಅಂತ ಇವತ್ತೇ ನಿರ್ಧಾರ ಮಾಡಿ, ಚೀಟಿಯಲ್ಲಿ ಆ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗೀಟು ಹಾಕಿಡಿ. ಮೇಲೆ ನಿಂತಾಗ ಯೋಚನೆ ಮಾಡೋಕೆ ಆಗಲ್ಲ. ಹೊಸಬರು ಹಳದಿ ನೋಡಿದ ತಕ್ಷಣ ಉಳಿದಿದ್ದನ್ನೆಲ್ಲ ಎರಡರಷ್ಟು ವೇಗದಲ್ಲಿ ಹೇಳ್ತಾರೆ, ಚೆನ್ನಾಗಿದ್ದ ಕೊನೆ ಹಾಳಾಗುತ್ತೆ. ನಿಮ್ಮ ಭಾಷಣದಲ್ಲಿ ಬಿಡಬಹುದಾದ್ದು ಕೊನೆಯ ಮಾತೇ. ಅಜ್ಜಿ ಹೇಳಿದ ಮೇಲೆ ಇನ್ನೇನಿದೆ?

ಕೊಪ್ಪದ_ಹುಡುಗಿ

ಹೊಸ ಲೆಕ್ಕ. ಶುರು 0:20, ಇರುವೆ 1:30, ಸ್ಕೂಟರ್ 1:20, ಅಜ್ಜಿ 1:40, ಕೊನೆ 0:30. ಒಟ್ಟು 5:20. ಕೊನೆಯ ಮೂವತ್ತು ಸೆಕೆಂಡಿಗೆ ಗೀಟು ಹಾಕಿದ್ದೀನಿ. ನಮ್ಮ ಪಕ್ಕದ ಮನೆ ಆಂಟಿ ಮುಂದೆ ಒಮ್ಮೆ ಹೇಳಿದೆ. ಅವರು ಮಧ್ಯದಲ್ಲಿ ಕುಕ್ಕರ್ ಆಫ್ ಮಾಡಿ ಬಂದ್ರು, ಆದ್ರೂ ಅಜ್ಜಿ ಮಾತಿಗೆ ಸೆರಗು ಕಣ್ಣಿಗೆ ಹೋಯ್ತು. ಹೆಸರು ಹೇಳೋದಾ ಬಿಡೋದಾ ಇನ್ನೂ ತೀರ್ಮಾನ ಮಾಡಿಲ್ಲ. ಭಾನುವಾರ ಆದ್ಮೇಲೆ ಬಂದು ಹೇಳ್ತೀನಿ.

ಕೊಪ್ಪದ_ಹುಡುಗಿ (ಐದು ದಿನದ ನಂತರ)

ಮುಗೀತು! 5:52.

ಹೆಸರು ಕರೆದ್ರು. ಮುಂದೆ ಹೋಗುವಾಗ ಚೀಟಿ ಕುರ್ಚಿ ಮೇಲೇ ಬಿಟ್ಟು ಹೋಗಿ, ವಾಪಸ್ ಬಂದು ತಗೊಂಡು ಹೋದೆ. ನಿರೂಪಕರು ಕೈ ಕುಲುಕಿ ಸರಿದರು, ಗಡಿಯಾರ ನನ್ನ ಮೊದಲ ಮಾತಿಗೆ ಶುರುವಾಯ್ತು. "ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ" ಅಂತಲೇ ಶುರು ಮಾಡಿದೆ. ಕಂಡಕ್ಟರ್ ತಾತನ ಮಾತಿಗೆ ನಾನು ಅಂದುಕೊಂಡಿದ್ದಕ್ಕಿಂತ ಜೋರಾಗಿ ನಕ್ಕರು. ಅಲ್ಲಿ ಒಂದು ತಪ್ಪಾಯ್ತು. ನಗು ನಿಲ್ಲೋ ಮುಂಚೆ ಮುಂದಿನ ಸಾಲು ಹೇಳಿಬಿಟ್ಟೆ, ಯಾರಿಗೂ ಕೇಳಿಸಲಿಲ್ಲ, ಮತ್ತೆ ಹೇಳಬೇಕಾಯ್ತು. ಅಜ್ಜಿ ಬಸ್ಸಿಗೆ ಕಾಯ್ತಾ ಇರುವಾಗ ಹಳದಿ ಕಾರ್ಡ್. ಮೂರು ಬಸ್ ಬದಲು ಎರಡೇ ಬಸ್ ಬಿಟ್ಟೆ, ಅಜ್ಜಿ ಕ್ಷಮಿಸಲಿ. ಗೀಟು ಹಾಕಿದ್ದು ಹೇಳಲೇ ಇಲ್ಲ. "ಈ ಸಲ ಪೂರ್ತಿ ಓದು ಮಗಾ" ಅಂದು ನಿಂತೆ. ಮುಗೀತು ಅಂತ ಯಾರಿಗೂ ಗೊತ್ತಾಗಲಿಲ್ಲ. ಎರಡು ಮೂರು ಸೆಕೆಂಡ್ ನಿಶ್ಶಬ್ದ. ಆಮೇಲೆ ಚಪ್ಪಾಳೆ.

ತಡವರಿಕೆ ಎಣಿಸೋ ಆಹ್ ಕೌಂಟರ್ ವರದಿ: "ಆಮೇಲೆ" ಹನ್ನೊಂದು ಸಲ, "ಅಂದ್ರೆ" ಆರು ಸಲ. ವಿಮರ್ಶಕರು ಮೂರು ಕಥೆಗೂ ಒಂದೇ ದಾರ ಇದ್ದದ್ದು ಇಷ್ಟವಾಯ್ತು ಅಂದ್ರು. ಎರಡು ತಪ್ಪು ಹೇಳಿದ್ರು. ನಾನು ಪೂರ್ತಿ ಬಲಗಡೆಯವರನ್ನೇ ನೋಡ್ತಿದ್ದೆ ಅನ್ನೋದು ಒಂದು. ಇನ್ನೊಂದು, ನನ್ನ ಹೆಸರನ್ನ ನನ್ನ ಬಾಯಿಂದ ಒಮ್ಮೆಯೂ ಹೇಳಲಿಲ್ಲ, ಐಸ್ ಬ್ರೇಕರ್‌ನಲ್ಲಿ ಅದು ಬೇಕಿತ್ತು ಅಂತ.

ಫುಲ್‌ಸ್ಟಾಪ್

ಹೇಳಿದ್ದೆ ತಾನೇ!

ಹಳೇಮೈಕು

ನಾನಿದ್ದಿದ್ರೆ ಆ ಮಾತು ಹೇಳ್ತಿರಲಿಲ್ಲ. ಅಜ್ಜಿ "ಮಗಾ" ಅನ್ನೋ ಬದಲು ಹೆಸರಿಡಿದು ಕರೆದಿದ್ರೆ ಇಬ್ಬರ ಹಟವೂ ನಡೀತಿತ್ತೇನೋ. ಆದ್ರೆ ಅಜ್ಜಿ ಹಾಗೆ ಕರೆದಿಲ್ಲವಲ್ಲ. ಬಲಗಡೆ ಯಾಕೆ? ಅಲ್ಲಿ ಯಾರಿದ್ರು?

ಕೊಪ್ಪದ_ಹುಡುಗಿ

ಅಲ್ಲೇ ಇರೋದು ಮಜಾ ಸರ್. ಮನೆಯವರನ್ನ ಅತಿಥಿಯಾಗಿ ಕರ್ಕೊಂಡು ಹೋಗಿದ್ದೆ. ಬಲಗಡೆ ಮೂರನೇ ಕುರ್ಚಿ. ನಾಯಿ ಇರಲೇ ಇಲ್ಲ ಅನ್ನೋದು ಅವರಿಗೆ ಗೊತ್ತಾಗಿದ್ದು ಎಲ್ಲರ ಜೊತೆ ಅಲ್ಲೇ, ಆಗಲೇ. ಮುಖ ಹೇಗಾಗುತ್ತೆ ಅಂತ ನೋಡ್ತಾ ಇದ್ದೆ, ಕಣ್ಣು ಅಲ್ಲೇ ಸಿಕ್ಕಿಹಾಕ್ಕೊಂಡಿತು. ನಕ್ಕರು, ಆದ್ರೆ ಎಲ್ಲರೂ ನಕ್ಕ ಮೇಲೆ.

ಐದು ವರ್ಷದಿಂದ ಆ ತಿರುವು ಬಂದಾಗಲೆಲ್ಲ ಅವರು ನಿಧಾನ ಮಾಡಿ ಹಾರ್ನ್ ಹೊಡೀತಾರೆ, ನಾಯಿ ಬಂದ್ರೆ ಅಂತ. ಭಾನುವಾರ ಮನೆಗೆ ವಾಪಸ್ ಬರುವಾಗಲೂ ಹೊಡೆದರು. ಇನ್ಯಾಕೆ ಅಂದೆ.

"ಅಭ್ಯಾಸ" ಅಂದ್ರು.